ಹಾಳೆ ತಟ್ಟೆ ಘಟಕ: ಎಷ್ಟು ಮಾರಿದರೆ ಅಸಲು ಹುಟ್ಟುತ್ತದೆ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಬದಿಯಲ್ಲೇ ಹಾಳೆ ತಟ್ಟೆ ಮಾಡುವ ಘಟಕ ಹಾಕಬೇಕೆಂದಿದ್ದೇನೆ. ಶೆಡ್, ಯಂತ್ರ, ಕರೆಂಟು ಸೇರಿ 10 ಲಕ್ಷ ರೂಪಾಯಿ ಬೇಕು. ಯಂತ್ರ 5 ವರ್ಷ ಬಾಳುತ್ತದಂತೆ. ತಟ್ಟೆಗೆ ರೂ. 3.50 ಸಿಗುತ್ತದೆ. ಹಾಳೆಗೆ ರೂ. 1.10, ಕೂಲಿಗೆ 70 ಪೈಸೆ, ಕರೆಂಟು, ಪ್ಯಾಕಿಂಗ್, ಸಾಗಾಟಕ್ಕೆ 40 ಪೈಸೆ ಬೀಳುತ್ತದೆ. ರಿಪೇರಿ, ಲೈಸೆನ್ಸ್ ಅಂತ ವರ್ಷಕ್ಕೆ 60,000 ಖರ್ಚು. ವರ್ಷಕ್ಕೆ 3 ಲಕ್ಷ ತಟ್ಟೆ ಆಗಬಹುದು. 2 ಲಕ್ಷ ಮಾರಿದರೂ ಅಸಲು ಹುಟ್ಟುತ್ತದೆ ಅಂತ ಲೆಕ್ಕ ನೋಡುವವರು ಹೇಳಿದರು. ಧೈರ್ಯ ಮಾಡಬಹುದಾ? — ಓದುಗರು, ಬದಿಯಡ್ಕ

ಉತ್ತರ: 2 ಲಕ್ಷದ ಲೆಕ್ಕ ನಂಬಿ ಧೈರ್ಯ ಮಾಡಬೇಡಿ. ನಿಮಗೆ ಅಸಲು ಹುಟ್ಟುವುದು ಸುಮಾರು 2.60 ಲಕ್ಷ ತಟ್ಟೆಗೆ.

ಅವರ ಲೆಕ್ಕ ತಪ್ಪಲ್ಲ, ಆದರೆ ಅದು ಬೇರೆ ಪ್ರಶ್ನೆಗೆ ಉತ್ತರ. 10 ಲಕ್ಷವನ್ನು 5 ವರ್ಷಕ್ಕೆ ಹಂಚಿ ವರ್ಷಕ್ಕೆ 2 ಲಕ್ಷ ಸವಕಳಿ ಅಂದುಕೊಂಡಿದ್ದಾರೆ. ಅದಕ್ಕೆ 60,000 ಸೇರಿಸಿ, ಒಂದು ತಟ್ಟೆಯಲ್ಲಿ ಉಳಿಯುವ ರೂ. 1.30ರಿಂದ ಭಾಗಿಸಿದರೆ ಸರಿಯಾಗಿ 2 ಲಕ್ಷ ತಟ್ಟೆ ಬರುತ್ತದೆ. ಅಷ್ಟು ಮಾರಿದರೆ 5 ವರ್ಷದಲ್ಲಿ ನಿಮ್ಮ 10 ಲಕ್ಷ ವಾಪಸು ಬರುತ್ತದೆ, ಬಡ್ಡಿ ಒಂದು ಪೈಸೆಯೂ ಇಲ್ಲದೆ! ಸಾಲಕ್ಕೆ ಬ್ಯಾಂಕು ಬಡ್ಡಿ ಕೇಳುತ್ತದೆ. ನಿಮ್ಮ ಕೈಯ ದುಡ್ಡಿಗೂ ಬೇರೆ ಕಡೆ ಬಡ್ಡಿ ಸಿಗುತ್ತಿತ್ತು.

ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ, ಈ ಬಡ್ಡಿಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಎರಡೂ ದುಡ್ಡಿಗೆ ಸೇರಿಸಿ 12% ಇಟ್ಟುಕೊಳ್ಳೋಣ. ಮುಂದಿನ 5 ವರ್ಷ ಪ್ರತಿ ವರ್ಷದ ಕೊನೆಗೆ ಬರುವ ಒಂದೊಂದು ರೂಪಾಯಿಗೆ ಇವತ್ತಿನ ಬೆಲೆ ಒಟ್ಟು ರೂ. 3.605. ನಿಮ್ಮ 3 ಲಕ್ಷ ತಟ್ಟೆಯಿಂದ ವರ್ಷಕ್ಕೆ ಉಳಿಯುವುದು 3.90 ಲಕ್ಷ. 60,000 ಕಳೆದರೆ 3.30 ಲಕ್ಷ. ಇವತ್ತಿನ ಬೆಲೆಯಲ್ಲಿ ಅದು 11.90 ಲಕ್ಷ. ಹಾಕಿದ 10 ಲಕ್ಷ ಕಳೆದರೆ ಎನ್‌ಪಿವಿ 1.90 ಲಕ್ಷ. ಅದೇ 2 ಲಕ್ಷ ತಟ್ಟೆಗೆ ಲೆಕ್ಕ ಹಾಕಿದರೆ 2.79 ಲಕ್ಷ ನಷ್ಟ. ಎನ್‌ಪಿವಿ ಸೊನ್ನೆಗೆ ಬಂದು ನಿಲ್ಲುವುದು 2.60 ಲಕ್ಷದ ಹತ್ತಿರ. (ತೆರಿಗೆ ಬಿಟ್ಟಿದ್ದೇನೆ. ಸಾಲದ ಬಡ್ಡಿಯನ್ನು ಖರ್ಚಿನಲ್ಲಿ ಇನ್ನೊಮ್ಮೆ ಕಳೆಯಬೇಡಿ, 12%ರಲ್ಲೇ ಅದು ಸೇರಿದೆ.)

ಕಂಪ್ಯೂಟರಿನ ಎಕ್ಸೆಲ್‌ನಲ್ಲಿ ಇದಕ್ಕೆ ಒಂದೇ ಸಾಲು ಸಾಕು. `B1`ರಲ್ಲಿ ದರ, `B2`ರಲ್ಲಿ ತಟ್ಟೆಯ ಖರ್ಚು, `B3`ರಲ್ಲಿ ತಟ್ಟೆಗಳ ಸಂಖ್ಯೆ, `B4`ರಲ್ಲಿ 60,000, `B5`ರಲ್ಲಿ 10 ಲಕ್ಷ ಹಾಕಿ, `B6`ರಲ್ಲಿ ಹೀಗೆ ಬರೆಯಿರಿ:

```
=PV(12%,5,-((B1-B2)*B3-B4))-B5
```

ಆಮೇಲೆ `Goal Seek` ತೆರೆದು, `B6` ಸೊನ್ನೆ ಆಗಬೇಕಾದರೆ `B3` ಎಷ್ಟಿರಬೇಕು ಅಂತ ಕೇಳಿ. ಹಾಗೆಯೇ `B1`, `B2`ಗೂ ಒಂದೊಂದು ಸಲ ಕೇಳಿ, ಪ್ರತಿ ಸಲವೂ ಮೊದಲು ಹಳೆಯ ಅಂಕಿಗಳನ್ನೇ ವಾಪಸು ಹಾಕಿಕೊಂಡು.

ನಾನು ಕೇಳಿ ನೋಡಿದೆ. ಮಾರಾಟ 13.5% ಬಿದ್ದರೂ ನೀವು ತಡೆದುಕೊಳ್ಳುತ್ತೀರಿ. ತಟ್ಟೆಯ ಖರ್ಚು 8% ಏರಿದರೆ, ಅಂದರೆ 2.20 ಇದ್ದದ್ದು 2.37 ದಾಟಿದರೆ, ಲಾಭ ಮುಗಿಯಿತು. ದರವೋ ಬರೀ 5% ಇಳಿದರೆ ಸಾಕು. 3.50 ಇದ್ದದ್ದು 3.32ಕ್ಕೆ ಬಂದರೆ ಎನ್‌ಪಿವಿ ಸೊನ್ನೆ. ವರ್ಷದ 60,000 ಮಾತ್ರ 1.12 ಲಕ್ಷ ಆದರೂ ಏನೂ ಆಗುವುದಿಲ್ಲ. ಲೈಸೆನ್ಸು, ರಿಪೇರಿ ಖರ್ಚಿಗೆ ತಲೆ ಕೆಡಿಸಿಕೊಳ್ಳಬೇಡಿ.

ದರಕ್ಕೆ ಯಾಕೆ ಇಷ್ಟು ಸೂಕ್ಷ್ಮ? ಮಾರಾಟ ಕಮ್ಮಿಯಾದರೆ ಹಾಳೆ, ಕೂಲಿಯ ಖರ್ಚೂ ಜೊತೆಗೇ ಕಮ್ಮಿಯಾಗುತ್ತದೆ. ಒಂದು ತಟ್ಟೆ ಹೋದರೆ ಹೋಗುವುದು ರೂ. 1.30 ಮಾತ್ರ. ದರ ಇಳಿದರೆ ಖರ್ಚು ಇದ್ದಷ್ಟೇ ಇರುತ್ತದೆ, ಇಳಿದದ್ದೆಲ್ಲ ನೇರ ನಿಮ್ಮ ಲಾಭದಿಂದಲೇ ಹೋಗುತ್ತದೆ. ಮಂಗಳೂರಿನ ವ್ಯಾಪಾರಿ "3.40ಕ್ಕೆ ಕೊಡಿ, ಜಾಸ್ತಿ ತಗೊಳ್ತೇನೆ" ಅಂದರೆ ಕೇಳಲು ಚೆನ್ನಾಗಿರುತ್ತದೆ. ಆದರೆ ಆ 10 ಪೈಸೆ ಸರಿಹೋಗಬೇಕಾದರೆ ವರ್ಷಕ್ಕೆ 25,000 ತಟ್ಟೆ ಹೆಚ್ಚು ಹೋಗಬೇಕು. ಅದು ನಿಮ್ಮ ಒಂದು ತಿಂಗಳ ಕೆಲಸ. ಅವರು ಅಷ್ಟು ತಗೊಳ್ಳುತ್ತಾರಾ, ನಿಮ್ಮ ಯಂತ್ರದಲ್ಲಿ ಅಷ್ಟು ಆಗುತ್ತದಾ ಅಂತ ಮೊದಲು ನೋಡಿ.

ಇಲ್ಲೊಂದು ವಿಷಯ ನಿಮ್ಮನ್ನೇ ಕೇಳಬೇಕು. 3 ಲಕ್ಷ ಅಂದದ್ದು ಒತ್ತಿದ ತಟ್ಟೆಯಾ, ಮಾರಿದ ತಟ್ಟೆಯಾ? ನೆನೆಸಿದ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿ ತೆಗೆದಾಗ ಕೆಲವು ಅಂಚಿನಲ್ಲಿ ಸೀಳಿರುತ್ತವೆ, ಕೆಲವು ಹಾಳೆಗೆ ಮೊದಲೇ ಬೂಷ್ಟು ಹಿಡಿದು ಕಪ್ಪು ಕಲೆ ಆಗಿರುತ್ತದೆ. ಹಾಗೆ ಬಿಸಾಡಿದ ತಟ್ಟೆಗೆ ಹಾಳೆಯೂ ಕೂಲಿಯೂ ಹೋಗಿಯಾಗಿದೆ, ದರ ಮಾತ್ರ ಸಿಗುವುದಿಲ್ಲ. ಹಾಗಾಗಿ ಅದು ಮಾರಾಟ ಕಮ್ಮಿಯಾದ ಹಾಗಲ್ಲ, ದರ ಇಳಿದ ಹಾಗೆ. ನೂರಕ್ಕೆ ಐದು ತಟ್ಟೆ ಹಾಳಾದರೆ 15,000 ತಟ್ಟೆಯ ದುಡ್ಡು, ವರ್ಷಕ್ಕೆ 52,500 ರೂಪಾಯಿ, ಇಲ್ಲವಾಗುತ್ತದೆ. ಅಲ್ಲಿಗೆ ನಿಮ್ಮ ಎನ್‌ಪಿವಿ ಹೆಚ್ಚುಕಡಿಮೆ ಸೊನ್ನೆ. ಹತ್ತಿರದ ಯಾವುದಾದರೂ ಘಟಕದಲ್ಲಿ ಒಂದು ದಿನ ಕೂತು, ಬಿಸಾಡಿದ ತಟ್ಟೆ ಎಷ್ಟು ಅಂತ ಎಣಿಸಿ ಬನ್ನಿ. ಮಳೆಗಾಲದಲ್ಲೂ ಒಂದು ಸಲ ಹೋಗಿ ಎಣಿಸಿ.

ಒಂದೊಂದನ್ನೇ ಬದಲಿಸಿ ನೋಡುವ ಈ ಲೆಕ್ಕಕ್ಕೆ ಒಂದು ಮಿತಿ ಇದೆ. ದರ 3.40ಕ್ಕೆ ಇಳಿದರೂ ಎನ್‌ಪಿವಿ 81,000 ಇರುತ್ತದೆ. ಮಾರಾಟ 2.80 ಲಕ್ಷಕ್ಕೆ ಬಿದ್ದರೆ 96,000. ಖರ್ಚು 2.25 ಆದರೆ 1.36 ಲಕ್ಷ. ಮೂರೂ ಬೇರೆ ಬೇರೆಯಾಗಿ ಬಂದರೆ ಹೆದರಿಕೆ ಇಲ್ಲ. ಮೂರೂ ಒಟ್ಟಿಗೆ ಬಂದರೆ ಸುಮಾರು 55,500 ನಷ್ಟ. ಒಟ್ಟಿಗೆ ಬರುವ ಸಾಧ್ಯತೆಯೂ ಇದೆ. ಪಕ್ಕದಲ್ಲೇ ಇನ್ನೊಂದು ಘಟಕ ಶುರುವಾಯಿತು ಅಂದುಕೊಳ್ಳಿ. ಅವರೂ ಅದೇ ತೋಟಗಳಿಗೆ ಹಾಳೆ ಕೇಳಿಕೊಂಡು ಹೋಗುತ್ತಾರೆ, ಅದೇ ವ್ಯಾಪಾರಿಗೆ ಕಮ್ಮಿ ದರ ಹೇಳುತ್ತಾರೆ. ಈ ಮೂರನ್ನೂ ಸೇರಿಸಿದ ಒಂದು ಲೆಕ್ಕ ಬರೆದಿಟ್ಟುಕೊಳ್ಳಿ.

ಇನ್ನೊಂದು, ನಿಮ್ಮ 10 ಲಕ್ಷದಲ್ಲಿ ಹಾಳೆ ದಾಸ್ತಾನಿನ ದುಡ್ಡು ಇಲ್ಲ. ಮಳೆಗಾಲದಲ್ಲಿ ಒಣ ಹಾಳೆ ಸಿಗುವುದಿಲ್ಲ. ಬೇಸಿಗೆಯಲ್ಲೇ ಕೊಂಡು ಒಣಗಿಸಿ, ನೀರು ತಾಗದ ಕಡೆ ಅಟ್ಟಿ ಇಡಬೇಕು. ಅದಕ್ಕೆ 1 ಲಕ್ಷ ಇಟ್ಟುಕೊಳ್ಳಿ. ಐದನೇ ವರ್ಷದ ಕೊನೆಗೆ ಅದು ವಾಪಸು ಬಂದರೂ ಅದರ ಇವತ್ತಿನ ಬೆಲೆ 57,000 ಮಾತ್ರ. ಹಾಗಾಗಿ ಎನ್‌ಪಿವಿ 1.90 ಲಕ್ಷದಿಂದ 1.46 ಲಕ್ಷಕ್ಕೆ ಇಳಿಯುತ್ತದೆ, ನೀವು ತಡೆದುಕೊಳ್ಳಬಹುದಾದ ದರ 3.32ರಿಂದ 3.36ಕ್ಕೆ ಏರುತ್ತದೆ. ಯಂತ್ರಕ್ಕೆ ಅಡ್ವಾನ್ಸ್ ಕೊಡುವ ಮೊದಲು ಇಬ್ಬರು ಮೂವರು ವ್ಯಾಪಾರಿಗಳ ಹತ್ತಿರ ಹೋಗಿ, ವರ್ಷಕ್ಕೆ ಎಷ್ಟು ತಟ್ಟೆ, ಯಾವ ದರಕ್ಕೆ ತಗೊಳ್ಳುತ್ತಾರೆ ಅಂತ ಬರವಣಿಗೆಯಲ್ಲಿ ತಗೊಳ್ಳಿ. 3.45ಕ್ಕಿಂತ ಕೆಳಗೆ ಹೇಳುವವರೇ ಜಾಸ್ತಿ ಇದ್ದರೆ, ನಾನಾದರೆ ಈ ವರ್ಷ ಹಾಕುವುದಿಲ್ಲ.