ಮಗನಿಗೆ ಬಂದದ್ದು ತಾಯಿಯ ಕಡೆಯಿಂದ

"ಮಗನಿಗೆ ಕೆಂಪು-ಹಸಿರು ಗೊತ್ತಾಗಲ್ಲ ಅಂದ್ರು ಕಣ್ಣಿನ ಡಾಕ್ಟರು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಹೇಗೆ ಬಂತು? ಅವನಿಗೆ ರೈಲು ಓಡಿಸೋ ಆಸೆ." (ಕೋಲಾರದಿಂದ)

ಸರ್, ನಿಮ್ಮ ವಂಶದಲ್ಲಿ ಹುಡುಕಬೇಡಿ, ನಿಮ್ಮ ಮಾವನವರನ್ನು ಕೇಳಿ ನೋಡಿ. ಕೆಂಪು-ಹಸಿರು ಗುರುತಿಸಲು ಬೇಕಾದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗುವಿಗೆ ಎಕ್ಸ್ ಒಂದೇ, ಅದು ಅಮ್ಮನಿಂದ ಬರುತ್ತದೆ. ಅಪ್ಪ ಕೊಡುವುದು ವೈ. ಅಮ್ಮನಿಗೆ ಎರಡು ಎಕ್ಸ್ ಇರುವುದರಿಂದ ಒಂದರಲ್ಲಿ ದೋಷವಿದ್ದರೂ ಇನ್ನೊಂದು ನಿಭಾಯಿಸುತ್ತದೆ. ಹಾಗಾಗಿ ಆಕೆಗೆ ಸಾಮಾನ್ಯವಾಗಿ ಗೊತ್ತೇ ಆಗುವುದಿಲ್ಲ. ಇದರಲ್ಲಿ ಆಕೆಯ ತಪ್ಪೇನೂ ಇಲ್ಲ. ಇನ್ನೊಬ್ಬ ಮಗನಿದ್ದರೆ ಅವನಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ಪರೀಕ್ಷೆ ಮಾಡಿಸಿ.

ನಮ್ಮ ಅಕ್ಕನ ಮಗನೂ ಹೀಗೇ, ನಮ್ಮಪ್ಪನೂ ಹೀಗೇ. ತೋಟದಲ್ಲಿ ಎಲೆ ನಡುವಿನ ಹಣ್ಣು ಟೊಮೇಟೊ ಇಬ್ಬರಿಗೂ ಬೇಗ ಕಾಣಲ್ಲ, ಮುಟ್ಟಿ ನೋಡಿ ಕೀಳುತ್ತಾರೆ.

ರೈಲು ಓಡಿಸುವ ಲೋಕೋ ಪೈಲಟ್ ಕೆಲಸ ಮಾತ್ರ ಕಷ್ಟ. ಲಿಖಿತ ಪರೀಕ್ಷೆ ಪಾಸಾದ ಮೇಲೂ ಮೆಡಿಕಲ್‌ನಲ್ಲಿ ಚುಕ್ಕಿಗಳ ನಡುವಿನ ಅಂಕಿ ಓದಿಸುವ ಇಶಿಹಾರಾ ಪರೀಕ್ಷೆ ಇರುತ್ತದೆ. ಸಿಗ್ನಲ್ ನೋಡಬೇಕಲ್ವಾ, ಅಲ್ಲಿ ರಿಯಾಯಿತಿ ಇಲ್ಲ. ಬಣ್ಣದ ಕನ್ನಡಕದಿಂದ ಇದು ವಾಸಿಯಾಗದು, ಸುಮ್ನೆ ದುಡ್ಡು ಹಾಕಬೇಡಿ. ಆದರೆ ರೈಲ್ವೆಯಲ್ಲೇ ಗುಮಾಸ್ತೆಯಂಥ ಕಚೇರಿ ಹುದ್ದೆಗಳಿಗೆ ಬಣ್ಣದ ಪರೀಕ್ಷೆ ಇಲ್ಲ. ಕೋಚಿಂಗ್‌ಗೆ ಸೇರಿಸುವ ಮೊದಲೇ ಅವನಿಗೆ ಇದನ್ನು ಹೇಳಿಬಿಡಿ.