ಆ ಕ್ರಾಸ್‌ನಲ್ಲಿ ಚುಕ್ಕೆ ಇದೆಯಾ, ಇಲ್ವಾ?

ಪ್ರಶ್ನೆ: ಸರ್, ನಾನು ಡಿಪ್ಲೊಮಾ ಎರಡನೇ ಸೆಮಿಸ್ಟರ್. ಪುಸ್ತಕದಲ್ಲಿದ್ದ ಬ್ರಿಡ್ಜ್ ರೆಕ್ಟಿಫೈಯರ್ ಸರ್ಕ್ಯೂಟ್‌ನ ಫೋಟೋ ಕಳಿಸಿದ್ದೇನೆ. ನಾಲ್ಕು ಡಯೋಡ್‌ಗಳಲ್ಲಿ ಕರೆಂಟ್ ಯಾವ ದಾರಿಯಲ್ಲಿ ಹೋಗುತ್ತದೆ? ಎಡಗಡೆ ಕೆಳಗೆ ಎರಡು ಗೆರೆ ಒಂದನ್ನೊಂದು ದಾಟುತ್ತವೆ. ಅಲ್ಲಿ ಅವು ಸೇರಿವೆಯೋ ಇಲ್ಲವೋ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಮೊದಲನೆಯದರಲ್ಲೇ ಇದೆ. ಅದಕ್ಕೆ ಕರೆಂಟ್ ದಾರಿಯಿಂದಲೇ ಶುರು ಮಾಡೋಣ.

ಡಯೋಡ್ ಗುರುತಿನಲ್ಲಿ ಒಂದು ತ್ರಿಕೋನ, ಅದರ ತುದಿಗೆ ಒಂದು ಅಡ್ಡಗೆರೆ. ತ್ರಿಕೋನ ಯಾವ ಕಡೆ ಮೂತಿ ಮಾಡಿದೆಯೋ ಆ ಕಡೆಗೆ ಮಾತ್ರ ಕರೆಂಟ್ ಹೋಗುತ್ತದೆ. ಇಲ್ಲಿ ಕರೆಂಟ್ ಅಂದರೆ ಪ್ಲಸ್‌ನಿಂದ ಮೈನಸ್‌ಗೆ ಅಂತ ನಾವು ಒಪ್ಪಿಕೊಂಡಿರುವ ದಿಕ್ಕು. ಎಲೆಕ್ಟ್ರಾನ್‌ಗಳು ಓಡುವುದು ಉಲ್ಟಾ. ಸರ್ಕ್ಯೂಟ್ ಓದುವಾಗ ಅವನ್ನು ಮರೆತುಬಿಡಿ, ಸುಮ್ನೆ ತಲೆಬಿಸಿ. ಅಡ್ಡಗೆರೆ ಇರುವ ಕಡೆ ಕ್ಯಾಥೋಡ್. ಕೈಯಲ್ಲಿ ಹಿಡಿದ ಡಯೋಡ್‌ನ ಮೈಮೇಲಿರುವ ಬೆಳ್ಳಿ ಪಟ್ಟಿಯೂ ಅದೇ.

ನಿಮ್ಮ ಚಿತ್ರದಲ್ಲಿ ಡಯೋಡ್‌ಗಳು ವಜ್ರದಾಕಾರದಲ್ಲಿವೆ. ಮೇಲಿನ ಮೂಲೆಯನ್ನು ಎ, ಕೆಳಗಿನದನ್ನು ಬಿ ಅನ್ನೋಣ. ಟ್ರಾನ್ಸ್‌ಫಾರ್ಮರ್ ಸೆಕೆಂಡರಿಯ 12 ವೋಲ್ಟ್ ಎಸಿ ಬಂದು ಸೇರುವುದು ಈ ಎರಡಕ್ಕೆ. ಬಲಮೂಲೆ ಪ್ಲಸ್, ಎಡಮೂಲೆ ಮೈನಸ್. ಡಿ1 ಎ ಇಂದ ಪ್ಲಸ್‌ಗೆ, ಡಿ2 ಬಿ ಇಂದ ಪ್ಲಸ್‌ಗೆ, ಡಿ3 ಮೈನಸ್‌ನಿಂದ ಬಿ ಗೆ, ಡಿ4 ಮೈನಸ್‌ನಿಂದ ಎ ಗೆ. ನಾಲ್ಕೂ ಬಾಣಗಳು ಎಡದಿಂದ ಬಲಕ್ಕೇ ನೋಡುತ್ತಿವೆ, ಗಮನಿಸಿ.

ಈಗ ಎ ಪ್ಲಸ್ ಆಗಿರುವ ಅರ್ಧ ಸೈಕಲ್ ತೆಗೆದುಕೊಳ್ಳಿ. ಚಿತ್ರದ ಮೇಲೆ ಬೆರಳಿಟ್ಟೇ ಹೋಗಿ. ಎ ಇಂದ ಡಿ1, ಬಲಮೂಲೆ, ಅಲ್ಲಿಂದ ಲೋಡ್‌ನ ಮೇಲ್ತುದಿ. ಲೋಡ್‌ನೊಳಗೆ ಇಳಿದು, ಕೆಳಗಿನ ಗೆರೆ ಹಿಡಿದು ಎಡಮೂಲೆಗೆ ವಾಪಸ್. ಅಲ್ಲಿಂದ ಡಿ3 ಮೂಲಕ ಬಿ, ಸೆಕೆಂಡರಿಯ ಇನ್ನೊಂದು ತುದಿ. ಮುಂದಿನ ಅರ್ಧದಲ್ಲಿ ಬಿ ಪ್ಲಸ್. ಆಗ ಬಿ, ಡಿ2, ಲೋಡ್, ಎಡಮೂಲೆ, ಡಿ4, ಎ. ಡಯೋಡ್ ಜೋಡಿ ಬದಲಾಯಿತು. ಲೋಡ್‌ನಲ್ಲಿ ಮಾತ್ರ ಎರಡೂ ಸಲ ಮೇಲಿಂದ ಕೆಳಕ್ಕೇ ಬಂತು, ಅಲ್ವಾ?

ಇನ್ನು ಆ ಕ್ರಾಸ್. ಸೆಕೆಂಡರಿಯ ಕೆಳತುದಿಯಿಂದ ಬಿ ಗೆ ಒಂದು ಗೆರೆ ಅಡ್ಡ ಬರುತ್ತದೆ. ಎಡಮೂಲೆಯಿಂದ ಲೋಡ್‌ನ ಕೆಳಗಿನ ಗೆರೆಗೆ ಇನ್ನೊಂದು ನೇರ ಇಳಿಯುತ್ತದೆ. ವಜ್ರವನ್ನು ಹೀಗೆ ಬರೆದರೆ ಇವೆರಡೂ ದಾಟಿಹೋಗಲೇಬೇಕು. ನಿಯಮ ಇಷ್ಟೇ: ಚುಕ್ಕೆ ಇದ್ದರೆ ಜೋಡಣೆ, ಇಲ್ಲದಿದ್ದರೆ ಮೇಲಿಂದ ಹಾದುಹೋಗಿದೆ. ಹಳೆಯ ಪುಸ್ತಕಗಳಲ್ಲಿ ಸಣ್ಣ ಕಮಾನು ಹಾಕಿ ದಾಟಿಸುತ್ತಿದ್ದರು, ಅದೇ ವಾಸಿ. ನಿಮ್ಮ ಫೋಟೋದಲ್ಲಿ ಪುಟದ ಮಡಿಕೆಯ ನೆರಳು ಅಲ್ಲೇ ಬಿದ್ದು ಚುಕ್ಕೆಯ ಹಾಗೆ ಕಾಣುತ್ತಿದೆ.

ಅದು ನಿಜವಾಗಿ ಚುಕ್ಕೆಯೇ ಅಂತ ಇಟ್ಟುಕೊಳ್ಳಿ. ಆಗ ಬಿ ಮತ್ತು ಮೈನಸ್ ಒಂದೇ ತಂತಿ. ಬಿ ಪ್ಲಸ್ ಆದಾಗ ಕರೆಂಟ್ ಲೋಡ್ ಕಡೆ ಹೋಗುವುದೇ ಇಲ್ಲ. ಬಿ ಇಂದ ಸೀದಾ ಡಿ4, ಅಲ್ಲಿಂದ ಎ. ನಡುವೆ ಒಂದೇ ಒಂದು ರೆಸಿಸ್ಟರ್ ಕೂಡ ಇಲ್ಲ. ಸೆಕೆಂಡರಿ ಶಾರ್ಟ್! ಡಯೋಡ್ ಸುಡುತ್ತದೆ, ಇಲ್ಲಾ ಫ್ಯೂಸ್ ಹೋಗುತ್ತದೆ. ಯಾವ ಪುಸ್ತಕವೂ ಹಾಗೆ ಬರೆಯುವುದಿಲ್ಲ. ಹಾಗಾಗಿ ಅದು ಚುಕ್ಕೆಯಲ್ಲ, ನೆರಳು. ಫೋಟೋ ಮಸುಕಾಗಿದ್ದಾಗಲೆಲ್ಲ ನಾನು ಹೀಗೇ ಮಾಡುತ್ತೇನೆ: ಎರಡೂ ರೀತಿ ಓದಿ, ಕರೆಂಟ್ ಹರಿಸಿ ನೋಡುತ್ತೇನೆ. ಒಂದು ಡಯೋಡ್ ಉಲ್ಟಾ ಹಾಕಿದರೂ ಇದೇ ಗತಿ. ಲ್ಯಾಬ್‌ನಲ್ಲಿ ನನ್ನದೇ ಬ್ಯಾಚಿನಲ್ಲಿ ವಾಸನೆ ಬಂದ ಮೇಲೆ ಗೊತ್ತಾಗಿತ್ತು.

ಡಿಸಿಯ ಏರಿಳಿತ ತಗ್ಗಿಸಲು ಲೋಡ್‌ಗೆ ಸಮಾಂತರವಾಗಿ ಹಾಕುವ ಕೆಪಾಸಿಟರ್‌ನ ಗುರುತಿನಲ್ಲಿ ಬಾಗಿದ ಗೆರೆ ಇದ್ದರೆ ಅದು ಮೈನಸ್ ಕಡೆ. 1000 ಮೈಕ್ರೊಫ್ಯಾರಡ್, 25 ವೋಲ್ಟ್‌ನದು ಸಾಕು. ಮೈಮೇಲಿನ ಪಟ್ಟಿಯೂ ಮೈನಸ್ಸೇ. ಡಯೋಡ್‌ನ ಪಟ್ಟಿ ನೋಡಿದ ಕಣ್ಣಿಗೆ ಇಲ್ಲಿ ಗೊಂದಲವಾಗುವುದು ಸಹಜ, ಏಕೆಂದರೆ ಅಲ್ಲಿ ಪಟ್ಟಿಯ ತುದಿ ಪ್ಲಸ್ ಮೂಲೆಗೆ ಹೋಗಬಹುದು.

ಬ್ರೆಡ್‌ಬೋರ್ಡ್ ಮೇಲೆ ಕಟ್ಟಿದಾಗ ಮೊದಲು ಕೆಪಾಸಿಟರ್ ಇಲ್ಲದೆ, ಒಂದು ಕಿಲೋ ಓಮ್ ಲೋಡ್ ಹಾಕಿ ಡಿಸಿ ಅಳೆಯಿರಿ. 12 ವೋಲ್ಟ್ ಎಸಿ ಏರುವ ಗರಿಷ್ಠ ಮಟ್ಟ ಸುಮಾರು 17 ವೋಲ್ಟ್. ಎರಡು ಡಯೋಡ್ 1.4 ವೋಲ್ಟ್ ತಿಂದು, ಸರಾಸರಿ 9.5ರ ಆಸುಪಾಸು ತೋರಿಸಬೇಕು. ಅದರ ಅರ್ಧ ಬಂದರೆ ಯಾವುದೋ ಒಂದು ಡಯೋಡ್ ಕೆಲಸ ಮಾಡುತ್ತಿಲ್ಲ, ಅಥವಾ ಅದರ ಕಾಲು ಸರಿಯಾಗಿ ಕೂತಿಲ್ಲ. ಕೆಪಾಸಿಟರ್ ಹಾಕಿಬಿಟ್ಟರೆ ಈ ತಪ್ಪು ಅಡಗಿಹೋಗುತ್ತದೆ. ಒಂದು ಡಯೋಡ್ ಇಲ್ಲದಿದ್ದರೂ ಮೀಟರ್ 15ರ ಮೇಲೆಯೇ ತೋರಿಸುತ್ತದೆ.