ಜಪಾಕುಸುಮ ಶ್ಲೋಕ: ನಿಲುವು, ಉಸಿರು, ಸಾಲುಸಾಲಿನ ಅರ್ಥ

ಪ್ರಶ್ನೆ: "ಬೆಳಿಗ್ಗೆ ಸೂರ್ಯನಿಗೆ ಜಪಾಕುಸುಮ ಹೇಳೋಕೆ ಶುರು ಮಾಡಿದ್ದೀನಿ. ಎರಡನೇ ತುಂಡು ಮುಗಿಯೋ ಹೊತ್ತಿಗೆ ಉಸಿರು ಖಾಲಿ. ಹೇಗೆ ನಿಲ್ಲಬೇಕು, ಎಲ್ಲಿ ಉಸಿರು ತಗೋಬೇಕು, ಅರ್ಥ ಏನು? ಹೊಸಬಳು, ಬಿಡಿಸಿ ಹೇಳಿ."

ಶ್ಲೋಕವನ್ನು ನಾಲ್ಕು ಸಾಲಾಗಿ ಬರೆದಿಟ್ಟುಕೊಳ್ಳಿ, ಮಿಕ್ಕಿದ್ದು ಸುಲಭವಾಗುತ್ತೆ:

ಜಪಾಕುಸುಮಸಂಕಾಶಂ
ಕಾಶ್ಯಪೇಯಂ ಮಹಾದ್ಯುತಿಂ
ತಮೋಽರಿಂ ಸರ್ವಪಾಪಘ್ನಂ
ಪ್ರಣತೋಽಸ್ಮಿ ದಿವಾಕರಂ

ಒಂದೊಂದು ಸಾಲಿಗೂ 8 ಅಕ್ಷರ. ಉಸಿರು ತೆಗೆದುಕೊಳ್ಳುವ ಜಾಗ ಸಾಲಿನ ಕೊನೆ ಮಾತ್ರ. ನಿಮ್ಮ ತೊಂದರೆ ಬಹುಶಃ ಶ್ವಾಸಕೋಶದ್ದಲ್ಲ, ಶುರುವಿನದು. ಹೊಸಬರು ಎದೆ ಉಬ್ಬಿಸಿ, ಭುಜ ಎತ್ತಿ ಗಾಳಿ ತುಂಬಿಕೊಳ್ಳುತ್ತಾರೆ, 'ಜಪಾ' ಅನ್ನುವಾಗಲೇ ಜೋರು ದನಿಯಲ್ಲಿ ಅರ್ಧ ಖರ್ಚು ಮಾಡುತ್ತಾರೆ. ಒಂದು ಕೈ ಹೊಕ್ಕುಳಿನ ಮೇಲಿಟ್ಟು ನೋಡಿ. ಉಸಿರು ಎಳೆದಾಗ ಕೈ ಮುಂದೆ ಬರಬೇಕು, ಭುಜ ಮೇಲೇಳಬಾರದು. ಮೂಗಿನಿಂದ ಮೂರು ಎಣಿಸುವಷ್ಟು ಹೊತ್ತು ಎಳೆದು, ಪಕ್ಕದಲ್ಲಿರುವವರಿಗೆ ಕೇಳಿಸುವಷ್ಟೇ ದನಿಯಲ್ಲಿ ಒಂದು ಸಾಲು ಹೇಳಿ. ಸುಮಾರು ಮೂರು ಸೆಕೆಂಡು ಸಾಕು. ಮೊದಲ ವಾರ ಹೀಗೆ ಸಾಲಿಗೊಂದು ಉಸಿರು. ಆಮೇಲೆ ಒಂದು-ಎರಡು ಒಟ್ಟಿಗೆ, ಮೂರು-ನಾಲ್ಕು ಒಟ್ಟಿಗೆ. ಎರಡನೇ ಸಾಲಿನ ಕೊನೆಯ 'ತಿಂ' ನಡುಗಿದರೆ ಇನ್ನೂ ಜೋಡಿಸುವ ಹೊತ್ತು ಬಂದಿಲ್ಲ ಅಂತ. ಇಡೀ ಶ್ಲೋಕವನ್ನು ಒಂದೇ ಉಸಿರಿಗೆ ಹೇಳುವ ಹಟ ಬೇಡ, ಕೊನೆಯ ಸಾಲನ್ನೇ ನುಂಗಿಬಿಡುತ್ತೀರಿ.

ನಿಲುವು: ಪೂರ್ವಕ್ಕೆ ಮುಖ, ಪಾದಗಳ ನಡುವೆ ಒಂದು ಗೇಣು, ಮಂಡಿ ಬಿಗಿ ಬೇಡ. ಕೈ ಜೋಡಿಸಿ ಹೆಬ್ಬೆರಳು ಎದೆಮೂಳೆಗೆ ಮೆಲ್ಲಗೆ ತಾಗಲಿ. ಮೊಣಕೈ ಅಗಲಕ್ಕೆ ಎತ್ತಿದರೆ ಭುಜ ಸೆಟೆದು ಉಸಿರು ಮೇಲೆಯೇ ನಿಲ್ಲುತ್ತೆ.

ಬಾಗುವುದು ಯಾವಾಗ ಅನ್ನುವುದಕ್ಕೆ ಅರ್ಥವೇ ಉತ್ತರ. ಮೊದಲ ಸಾಲು ದಾಸವಾಳದಂತೆ ಹೊಳೆಯುವವನು ಅನ್ನುತ್ತೆ, ಅಂದರೆ ಆಗ ತಾನೇ ಹುಟ್ಟಿದ ಕೆಂಪು ಸೂರ್ಯ. ಎರಡನೆಯದು ಕಶ್ಯಪನ ಮಗ, ಮಹಾ ತೇಜಸ್ಸಿನವನು. ಮೂರನೆಯದು ಕತ್ತಲೆಯ ಶತ್ರು, ಎಲ್ಲ ಪಾಪವನ್ನು ಕಳೆಯುವವನು. ಇಷ್ಟರವರೆಗೆ ಬರೀ ಬಣ್ಣನೆ. ನಾಲ್ಕನೆಯದರಲ್ಲಿ ಮಾತು ಪೂರ್ತಿಯಾಗುತ್ತೆ: ಅಂಥ ದಿವಾಕರನಿಗೆ, ಹಗಲನ್ನು ಮಾಡುವವನಿಗೆ, ನಾನು ಬಾಗಿದ್ದೇನೆ. ಹಾಗಾಗಿ ಮೂರು ಸಾಲು ನೆಟ್ಟಗೆ ನಿಂತು ಹೇಳಿ, 'ಪ್ರಣತೋಽಸ್ಮಿ'ಗೆ ಸೊಂಟದಿಂದ ಬಾಗಿ. ಉಸಿರು ಹೇಗೂ ಹೊರಗೆ ಹೋಗುತ್ತಿರುತ್ತೆ, ದೇಹವೂ ಅದರ ಜೊತೆ ಮಡಿಯುತ್ತೆ. ಒಳಗೆ ಎಳೆಯುತ್ತಾ ಮೇಲೇಳಿ. ಮೊದಲ ಸಾಲಿಗೇ ಬಾಗಿದರೆ ಹೊಟ್ಟೆ ಒತ್ತಿ ಉಸಿರು ಮುಗಿಯುತ್ತೆ. ನಿಮಗೆ ಆಗುತ್ತಿರುವುದು ಇದೂ ಇರಬಹುದು.

ಉಚ್ಚಾರಣೆಯಲ್ಲಿ ಒಂದೇ ಎಚ್ಚರಿಕೆ: 'ಪಾಪಘ್ನಂ' ಅನ್ನುವುದನ್ನು ಅವಸರದಲ್ಲಿ 'ಪಾಪಜ್ಞಂ' ಮಾಡಬೇಡಿ. ಪಾಪ ಕಳೆಯುವವನು ಹೋಗಿ ಪಾಪ ಬಲ್ಲವನು ಆಗಿಬಿಡುತ್ತಾನೆ.

ಇದೇ ಪ್ರಶ್ನೆಗೆ ಗುಂಪಿನಲ್ಲಿ ಒಬ್ಬರು ಹನ್ನೆರಡು ಆಸನ, 'ಮಿತ್ರಾಯ ನಮಃ' ಎಲ್ಲ ವಿವರವಾಗಿ ಬರೆದಿದ್ದಾರೆ. ಅದು ಸೂರ್ಯನಮಸ್ಕಾರ, ಕೇಳಿದ್ದು ಅದಲ್ಲ. ಇನ್ನೊಬ್ಬರು "ಹುಟ್ಟುವ ಸೂರ್ಯನನ್ನು ದಿಟ್ಟಿಸಿದರೆ ಕಣ್ಣಿಗೆ ಒಳ್ಳೆಯದು" ಅಂದಿದ್ದಾರೆ. ಆ ಹೊತ್ತಿನ ಬೆಳಕು ಮಂದವಾಗಿರುತ್ತೆ ಅನ್ನುವುದು ನಿಜ, ಆದರೆ ಸೂರ್ಯ ನಿಮಿಷ ನಿಮಿಷಕ್ಕೂ ತೀಕ್ಷ್ಣವಾಗುತ್ತಾನೆ. ಅಕ್ಷಿಪಟಲ ಸುಟ್ಟರೆ ಆ ಕ್ಷಣಕ್ಕೆ ನೋವೇ ಗೊತ್ತಾಗುವುದಿಲ್ಲ, ಹಾನಿ ಶಾಶ್ವತವಾಗಿ ಉಳಿಯಬಹುದು. ಕಣ್ಣು ಮುಚ್ಚಿ, ಇಲ್ಲವೇ ಆರೇಳು ಅಡಿ ಮುಂದಿನ ನೆಲ ನೋಡಿ. ಮೋಡ ಕವಿದಿದ್ದರೂ ಅಷ್ಟೇ.

ಪ್ರತಿಕ್ರಿಯೆ: "ನನಗೆ ಮಂಡಿ ನೋವು, ಎದ್ದು ಬಾಗಿದರೆ ತಲೆ ಸುತ್ತುತ್ತೆ. ಬಿಟ್ಟೇಬಿಡಲಾ?"

ಬಿಡಬೇಡಿ ಅಮ್ಮ. ಕುರ್ಚಿಯಲ್ಲಿ ಬೆನ್ನು ಒರಗಿಸದೆ ಮುಂದಕ್ಕೆ ಕುಳಿತು, ಎರಡೂ ಪಾದ ನೆಲಕ್ಕೆ ಊರಿ ಹೇಳಿ. ಕೊನೆಯ ಸಾಲಿಗೆ ತಲೆ ಮಾತ್ರ ಬಾಗಿಸಿ, ನಿಧಾನಕ್ಕೆ ಎತ್ತಿ. ಕುಳಿತಾಗಲೂ ಸುತ್ತಿದರೆ ಉಸಿರನ್ನು ಜಾಸ್ತಿ, ಬೇಗಬೇಗ ಎಳೆಯುತ್ತಿದ್ದೀರಾ ನೋಡಿ. ಸಾಲುಗಳ ನಡುವೆ ಎರಡು ಸಹಜ ಉಸಿರು ತೆಗೆದುಕೊಂಡ ಮೇಲೂ ತಲೆಸುತ್ತು ನಿಲ್ಲದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರತಿಕ್ರಿಯೆ: "ಹೆಂಗಸರು 'ಪ್ರಣತಾಸ್ಮಿ' ಅನ್ನಬೇಕಲ್ಲವೇ?"

ವ್ಯಾಕರಣದ ಪ್ರಕಾರ ಹೌದು, ಅಕ್ಷರದ ಲೆಕ್ಕವೂ ಕೆಡುವುದಿಲ್ಲ. ಆದರೆ ಸ್ತೋತ್ರವನ್ನು ಬಂದ ಹಾಗೆಯೇ ಹೇಳಬೇಕು ಅನ್ನುವವರೂ ಇದ್ದಾರೆ, ಹೆಚ್ಚಿನ ಹೆಂಗಸರು ಹಾಗೆಯೇ ಹೇಳುತ್ತಾರೆ. ನಾನಂತೂ ಯಾರನ್ನೂ ತಿದ್ದುವುದಿಲ್ಲ. ಸಂಸ್ಕೃತ ಓದಿದವರು ಗುಂಪಿನಲ್ಲಿದ್ದರೆ ಹೇಳಲಿ.